ಇಡ್ಲಿಗೆ ಒಂಬತ್ತು ಚೌಕ

ಐದನೇ ತರಗತಿಯಲ್ಲಿ 34 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. “ಬೆಳಿಗ್ಗೆ ಇಡ್ಲಿ ತಿಂದವರು ಕೈ ಎತ್ತಿ” ಎನ್ನುತ್ತಾರೆ ಮೇಡಂ. ಆಮೇಲೆ ಚಿತ್ರಾನ್ನ, ಆಮೇಲೆ ಉಪ್ಪಿಟ್ಟು. ಕೊನೆಗೆ ಎಲ್ಲ ಕೂಡಿದರೆ 38! ಪಕ್ಕದವನು ಎತ್ತಿದನೆಂದು ತಾನೂ ಎತ್ತಿದವನೊಬ್ಬ. ಎರಡೆರಡು ತಿಂಡಿ ತಿಂದವರು ಮೂವರು. ಪುಸ್ತಕದ ಸಿದ್ಧ ಕೋಷ್ಟಕದಲ್ಲಿ ಮೊತ್ತ ಹೀಗೆ ತಪ್ಪುವುದೇ ಇಲ್ಲ. ಹಾಗಾಗಿ ಅದನ್ನು ತಾಳೆ ನೋಡಬೇಕೆಂದು ಮಕ್ಕಳಿಗೆ ಹೊಳೆಯುವುದೂ ಇಲ್ಲ.

ಇಲ್ಲಿ ಎಡವಟ್ಟಾದದ್ದು ಎಣಿಕೆಯಲ್ಲಲ್ಲ, ಪ್ರಶ್ನೆಯಲ್ಲಿ. “ಇವತ್ತು ಬೆಳಿಗ್ಗೆ ಮೊದಲು ತಿಂದದ್ದು ಏನು?” ಎಂದು ತಿದ್ದಿ, ಉತ್ತರವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿದರೆ ಒಬ್ಬರಿಗೆ ಒಂದೇ ಉತ್ತರ. ಹಸಿದು ಬಂದ ಮಗು ಕೈ ಎತ್ತಲು ನಾಚಿಕೊಳ್ಳಬಹುದು, ಚೀಟಿಯಲ್ಲಾದರೆ ಬರೆದೀತು. ಆದ್ದರಿಂದ “ಏನೂ ತಿಂದಿಲ್ಲ” ಎಂಬುದಕ್ಕೂ ಒಂದು ಸಾಲು ಬೇಕು.

ಒಬ್ಬರು ಚೀಟಿ ಬಿಡಿಸಿ ಓದುತ್ತಾರೆ, ಇನ್ನೊಬ್ಬರು ಬೋರ್ಡಿನ ಮೇಲೆ ಗೀಟು ಹಾಕುತ್ತಾರೆ. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅವುಗಳ ಮೇಲೆ ಓರೆಯಾಗಿ. ಇಡ್ಲಿ 9, ಚಿತ್ರಾನ್ನ 8, ರೊಟ್ಟಿ 7, ಉಪ್ಪಿಟ್ಟು 5, ದೋಸೆ 3, ಏನೂ ತಿಂದಿಲ್ಲ 2. ಕೂಡಿದರೆ 34, ಲೆಕ್ಕ ಸರಿಹೋಯಿತು.

ಇನ್ನು ಈ ಲೆಕ್ಕವನ್ನು ಚೌಕುಳಿ ಹಾಳೆಯಲ್ಲಿ ಸ್ತಂಭನಕ್ಷೆಯಾಗಿ ಬರೆಯಬೇಕು. ಸ್ತಂಭಗಳ ಅಗಲ ಒಂದೇ, ನಡುವಿನ ಜಾಗವೂ ಒಂದೇ; ಮಾತಾಡಬೇಕಾದದ್ದು ಎತ್ತರ ಮಾತ್ರ. ಒಂದು ಚೌಕಕ್ಕೆ ಒಂದು ಮಗು ಎಂದರೆ ಯಾರೂ ತಪ್ಪುವುದಿಲ್ಲ. ಒಂದು ಚೌಕಕ್ಕೆ ಇಬ್ಬರು ಎಂದ ಕೂಡಲೇ ಇಡ್ಲಿಗೆ ನಾಲ್ಕೂವರೆ ಚೌಕ, ಉಪ್ಪಿಟ್ಟಿಗೆ ಎರಡೂವರೆ. ಅರ್ಧ ಚೌಕವೆಂದರೆ ಅರ್ಧ ಮಗುವೇ ಎಂದು ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಯೇ ಅದು, ಪ್ರಮಾಣ ಎಂದರೇನೆಂದು ತಿಳಿಯುವುದು ಆಗಲೇ.

ಜಾಗ ಉಳಿಸಲೆಂದು ಯಾರೋ ಅಕ್ಷವನ್ನು ಸೊನ್ನೆಯ ಬದಲು 4ರಿಂದ ಶುರುಮಾಡಿದರೆ? ಇಡ್ಲಿಗೆ ಐದು ಚೌಕ, ಉಪ್ಪಿಟ್ಟಿಗೆ ಒಂದೇ. ಎರಡು ಪಟ್ಟೂ ಇಲ್ಲದ ವ್ಯತ್ಯಾಸ ಕಣ್ಣಿಗೆ ಐದು ಪಟ್ಟಾಗಿ ಕಾಣುತ್ತದೆ. ದೋಸೆಯೂ ಹಸಿದ ಇಬ್ಬರೂ ಚಿತ್ರದಿಂದಲೇ ಮಾಯ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಬರೆಸಿ ತೋರಿಸುವುದು ಐದು ನಿಮಿಷದ ಕೆಲಸ.

ತಿಂಡಿಯ ಸ್ತಂಭಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಿದರೂ ಅರ್ಥ ಕೆಡುವುದಿಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಥ ನಕ್ಷೆ ಬರೆದದ್ದೂ ಇದೇ ಬಗೆಯ ಮಾಹಿತಿಗೆ. ಸ್ಕಾಟ್ಲೆಂಡಿನ ವ್ಯಾಪಾರದ ಬಗ್ಗೆ ಅವನಿಗೆ ಒಂದೇ ವರ್ಷದ ಅಂಕಿಗಳು ಸಿಕ್ಕಿದ್ದವು. ವರ್ಷದಿಂದ ವರ್ಷಕ್ಕೆ ಗೆರೆ ಎಳೆಯುವಂತಿರಲಿಲ್ಲ. ಹಾಗಾಗಿ 17 ನಾಡುಗಳೊಡನೆ ನಡೆದ ಆಮದು ರಫ್ತನ್ನು ಪಟ್ಟಿಗಳಾಗಿ ಬರೆದ.

ಪಕ್ಕದ ತರಗತಿಯವರೂ ಇದೇ ಸಮೀಕ್ಷೆ ಮಾಡಿ, ಅಲ್ಲಿ 45 ಮಕ್ಕಳಲ್ಲಿ 10 ಜನ ಇಡ್ಲಿ ತಿಂದಿದ್ದರೆ, ಅವರ ಸ್ತಂಭ ನಮ್ಮದಕ್ಕಿಂತ ಒಂದು ಚೌಕ ಎತ್ತರ. “ನಮ್ಮಲ್ಲೇ ಇಡ್ಲಿ ಜಾಸ್ತಿ” ಎಂದು ಅವರು ಬೀಗಬಹುದು. ಆದರೆ ಅಲ್ಲಿ ಇಡ್ಲಿ ತಿಂದವರು ತರಗತಿಯ ಕಾಲು ಭಾಗಕ್ಕಿಂತ ಕಡಿಮೆ. 34ರಲ್ಲಿ 9 ಎಂಬುದು ಕಾಲು ಭಾಗವನ್ನು ದಾಟುತ್ತದೆ. ಸ್ತಂಭದ ಎತ್ತರ ಇದನ್ನು ಹೇಳದು. ಅದಕ್ಕೆ ಶೇಕಡಾ ಲೆಕ್ಕವೇ ಬೇಕು.