ಕಂತು ಒಂದೇ, ಒಳಗಿನ ಪಾಲು ಬೇರೆ ಬೇರೆ

ಸಾಲ ತೀರಿಸುತ್ತಿರುವ ಸಣ್ಣ ವ್ಯಾಪಾರಿಗಳಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ವರ್ಷವಿಡೀ ತಪ್ಪದೆ ಕಂತು ಕಟ್ಟಿದ್ದೇನೆ, ಹತ್ತಿರ ಹತ್ತಿರ ಎರಡು ಲಕ್ಷ ಹೋಗಿದೆ. ಬ್ಯಾಂಕಿನಲ್ಲಿ ಕೇಳಿದರೆ ಸಾಲ ಒಂದೂವರೆ ಲಕ್ಷವೂ ಇಳಿದಿಲ್ಲ ಅಂತಾರೆ." ಇದರಲ್ಲಿ ಮೋಸವೇನೂ ಇಲ್ಲ. ಉತ್ತರ ಮರುಪಾವತಿ ಪಟ್ಟಿಯಲ್ಲಿ ಮೊದಲ ದಿನದಿಂದಲೇ ಇರುತ್ತದೆ. ಸಾಲದ ಕಾಗದಗಳ ಕಟ್ಟಿನಲ್ಲಿ ಸೇರಿಹೋಗುವ ಆ ಪಟ್ಟಿಯನ್ನು ಬಿಡಿಸಿ ಓದುವವರು ಕಡಿಮೆ.

ತಿಪಟೂರಿನ ಕಡೆ ಕೊಬ್ಬರಿ ಎಣ್ಣೆಯ ಗಾಣ ಹಾಕಲು ಒಬ್ಬರು 5 ಲಕ್ಷ ರೂಪಾಯಿ ಸಾಲ ಪಡೆದರು ಎಂದಿಟ್ಟುಕೊಳ್ಳೋಣ. ಬಡ್ಡಿ ವರ್ಷಕ್ಕೆ ಶೇ 12, ಅವಧಿ 36 ತಿಂಗಳು. ಇದಕ್ಕೆ ಸಮಾನ ಮಾಸಿಕ ಕಂತು, ಅಂದರೆ ಇಎಂಐ, 16,607 ರೂಪಾಯಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಯಾರು ಬೇಕಾದರೂ ಈ ಮೊತ್ತವನ್ನು ತೆಗೆಯಬಹುದು:

```
=PMT(12%/12, 36, -500000)
```

ಕಂತು ಗೊತ್ತಾದ ಮೇಲೆ ಪಟ್ಟಿ ಮಾಡಲು ಕೂಡು-ಕಳೆ ಲೆಕ್ಕ ಬಂದರೆ ಸಾಕು. ವರ್ಷಕ್ಕೆ ಶೇ 12 ಎಂದರೆ ತಿಂಗಳಿಗೆ ಶೇ 1. ಮೊದಲ ತಿಂಗಳು ಪೂರ್ತಿ 5 ಲಕ್ಷ ಬಾಕಿ ಇರುವುದರಿಂದ ಬಡ್ಡಿ 5,000. ಕಟ್ಟಿದ 16,607ರಲ್ಲಿ ಆ ಬಡ್ಡಿಯನ್ನು ಮೊದಲು ಮುರಿದುಕೊಂಡು, ಉಳಿದ 11,607 ರೂಪಾಯಿಯನ್ನು ಅಸಲಿಗೆ ಜಮಾ ಮಾಡುತ್ತಾರೆ. ಎರಡನೇ ತಿಂಗಳು ಬಡ್ಡಿ ಲೆಕ್ಕವಾಗುವುದು ಉಳಿದಿರುವ 4,88,393 ರೂಪಾಯಿಯ ಮೇಲೆ. ಹೀಗೆ ಬಡ್ಡಿಯಲ್ಲಿ ಕಡಿಮೆಯಾದಷ್ಟೂ ಅಸಲಿನ ಪಾಲಿಗೆ ಸೇರುತ್ತಾ ಹೋಗುತ್ತದೆ.

| ಕಂತು | ಬಡ್ಡಿ (ರೂ.) | ಅಸಲು (ರೂ.) | ಉಳಿದ ಸಾಲ (ರೂ.) |
|---|---|---|---|
| 1 | 5,000 | 11,607 | 4,88,393 |
| 2 | 4,884 | 11,723 | 4,76,670 |
| 3 | 4,767 | 11,840 | 4,64,830 |
| 36 | 164 | 16,443 | 0 |

ಮೊದಲ ವರ್ಷ ಕಟ್ಟುವ ಒಟ್ಟು 1,99,286 ರೂಪಾಯಿಯಲ್ಲಿ 52,078 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 1,47,208 ಮಾತ್ರ. ಕೊನೆಯ ವರ್ಷ ಅಷ್ಟೇ ಹಣ ಕಟ್ಟಿದರೂ ಬಡ್ಡಿ 12,371. ಅವಧಿ ಅರ್ಧ ಮುಗಿದಾಗ, ಅಂದರೆ 18 ಕಂತು ಕಟ್ಟಿದಾಗ, ಸಾಲವೂ ಅರ್ಧಕ್ಕೆ ಇಳಿದಿರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಆಗಲೂ 2,72,000 ರೂಪಾಯಿಗೂ ಹೆಚ್ಚು ಬಾಕಿ ಇರುತ್ತದೆ. ಬ್ಯಾಂಕು ದಿನಲೆಕ್ಕದಲ್ಲಿ ಬಡ್ಡಿ ಹಾಕಿದರೆ ಈ ಅಂಕಿಗಳು ತುಸು ಆಚೀಚೆ ಆಗಬಹುದು, ಕ್ರಮ ಮಾತ್ರ ಇದೇ.

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಎಡವಟ್ಟಾಗುವುದು ಇಲ್ಲಿಯೇ. ನಮ್ಮ ಗಾಣದವರಿಗೆ ಕೊಬ್ಬರಿ, ಕೂಲಿ, ಕರೆಂಟು ಎಲ್ಲ ಕಳೆದು ತಿಂಗಳಿಗೆ 28,000 ರೂಪಾಯಿ ಉಳಿಯುತ್ತದೆ ಎನ್ನೋಣ. ಇಡೀ ಕಂತನ್ನು ಖರ್ಚಿನ ಕಡೆ ಬರೆದರೆ ಉಳಿಯುವುದು 11,393. ಅದನ್ನೇ ಲಾಭ ಎಂದುಕೊಂಡರೆ ತಪ್ಪಾಗುತ್ತದೆ, ಅದು ಕೈಯಲ್ಲಿ ಉಳಿದ ನಗದು ಅಷ್ಟೇ. ಅಸಲು ತೀರಿಸುವುದು ಖರ್ಚಲ್ಲ. ಹಣ ಕೊಟ್ಟು ಋಣ ಇಳಿಸಿಕೊಳ್ಳುವುದು. ಸಾಲ ಕೈಗೆ ಬಂದ ದಿನ 5 ಲಕ್ಷವನ್ನು ಯಾರೂ ಆದಾಯ ಎಂದು ಬರೆದುಕೊಳ್ಳುವುದಿಲ್ಲವಲ್ಲ, ತೀರಿಸುವಾಗಲೂ ಅದೇ ನ್ಯಾಯ. ಖರ್ಚಿನ ಕಡೆ ಬರೆಯಬೇಕಾದ್ದು ಬಡ್ಡಿಯನ್ನು, ಜೊತೆಗೆ ಯಂತ್ರದ ಸವಕಳಿಯನ್ನು.

ಆದಾಯ ತೆರಿಗೆಯ ಲೆಕ್ಕದಲ್ಲಿ ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ 15ರಷ್ಟು ಸವಕಳಿ. 5 ಲಕ್ಷದ ಗಾಣಕ್ಕೆ ಮೊದಲ ವರ್ಷ 75,000, ತಿಂಗಳಿಗೆ 6,250. ಹಾಗಾದರೆ ಮೊದಲ ತಿಂಗಳ ಲಾಭ 28,000ದಲ್ಲಿ ಬಡ್ಡಿ 5,000 ಮತ್ತು ಸವಕಳಿ 6,250 ಕಳೆದು 16,750. ಇನ್ನು ಕೊನೆಯ ತಿಂಗಳನ್ನು ನೋಡಿ. ಸವಕಳಿ ಪ್ರತಿ ವರ್ಷ ಇಳಿದ ಬೆಲೆಯ ಮೇಲೆ ಲೆಕ್ಕವಾಗುವುದರಿಂದ ಮೂರನೇ ವರ್ಷ ತಿಂಗಳಿಗೆ ಸುಮಾರು 4,516 ಆಗಿರುತ್ತದೆ, ಬಡ್ಡಿ ಬರೀ 164. ವ್ಯಾಪಾರ ಒಂದು ರೂಪಾಯಿಯೂ ಹೆಚ್ಚದಿದ್ದರೂ ಪುಸ್ತಕದ ಲಾಭ 23,320ಕ್ಕೆ ಏರಿರುತ್ತದೆ. ಕೈಯಲ್ಲಿ ಉಳಿಯುವ ಹಣ ಮಾತ್ರ ಅದೇ 11,393. "ಕೈಯಲ್ಲಿ ಕಾಸಿಲ್ಲ, ತೆರಿಗೆ ಹೇಗೆ ಜಾಸ್ತಿಯಾಯಿತು?" ಎಂದು ಮೂರನೇ ವರ್ಷ ಲೆಕ್ಕಪರಿಶೋಧಕರ ಎದುರು ಕುಳಿತು ಕೇಳುವವರ ಗೊಂದಲದ ಮೂಲ ಇದೇ. ಅಸಲಿನ ಕಾಲಂ ತಿಂಗಳು ತಿಂಗಳು ದಪ್ಪಗಾಗುವುದನ್ನು ಮೊದಲೇ ನೋಡಿದ್ದರೆ ಅದಕ್ಕೆ ಒಂದಿಷ್ಟು ದುಡ್ಡು ತೆಗೆದಿಡಬಹುದಿತ್ತು. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವ ಪದ್ಧತಿಯಲ್ಲಿರುವವರಿಗೆ ಬಡ್ಡಿ, ಸವಕಳಿಗಳನ್ನು ಬೇರೆಯಾಗಿ ಕಳೆಯುವ ಅವಕಾಶವಿಲ್ಲ. ಆದರೂ ತಮ್ಮ ನಿಜವಾದ ಲಾಭ ಎಷ್ಟೆಂದು ತಿಳಿಯಲು ಅವರಿಗೂ ಈ ವಿಂಗಡಣೆ ಬೇಕು.

ಪಟ್ಟಿ ಕೈಯಲ್ಲಿದ್ದರೆ ಮುಂಗಡವಾಗಿ ಹಣ ಕಟ್ಟುವುದು ಯಾವಾಗ ಒಳ್ಳೆಯದು ಎಂಬುದೂ ತಿಳಿಯುತ್ತದೆ. ದೀಪಾವಳಿ ವ್ಯಾಪಾರ ಚೆನ್ನಾಗಿ ಆಗಿ, 12ನೇ ಕಂತಿನ ಜೊತೆಗೆ 50,000 ರೂಪಾಯಿ ಹೆಚ್ಚಿಗೆ ಕಟ್ಟಿದರು ಎನ್ನೋಣ. ಕಂತನ್ನು ಅಷ್ಟೇ ಇಟ್ಟುಕೊಂಡು ಅವಧಿಯನ್ನು ಇಳಿಸಿದರೆ ಸಾಲ 33ನೇ ತಿಂಗಳಿಗೇ, ಅದೂ 4,000 ರೂಪಾಯಿಯೊಳಗಿನ ಚಿಕ್ಕ ಕಂತಿನೊಂದಿಗೆ ಮುಗಿಯುತ್ತದೆ. ಬಡ್ಡಿಯಲ್ಲಿ ಸುಮಾರು 12,600 ಉಳಿತಾಯ. ಅದೇ 50,000ವನ್ನು 30ನೇ ಕಂತಿನ ಜೊತೆ ಕಟ್ಟಿದರೆ ಉಳಿಯುವುದು 2,500ರ ಆಸುಪಾಸು. ಅಷ್ಟಕ್ಕಾಗಿ ಕೈಯಲ್ಲಿರುವ ನಗದನ್ನು ಖಾಲಿ ಮಾಡಿಕೊಳ್ಳುವುದಕ್ಕಿಂತ ಸುಗ್ಗಿಯಲ್ಲಿ ಕೊಬ್ಬರಿ ಕೊಂಡಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಹೆಚ್ಚಿಗೆ ಕಟ್ಟುವಾಗ "ಅಸಲಿಗೆ ಜಮಾ ಮಾಡಿ, ಅವಧಿ ಇಳಿಸಿ" ಎಂದು ಬರವಣಿಗೆಯಲ್ಲಿ ಕೊಟ್ಟು, ಹೊಸ ಪಟ್ಟಿಯನ್ನು ಕೇಳಿ ಪಡೆಯಬೇಕು. ಇಲ್ಲದಿದ್ದರೆ ಆ ಹಣ ಮುಂದಿನ ಕಂತುಗಳ ಲೆಕ್ಕಕ್ಕೆ ಹೋಗಿ ಕುಳಿತಿರುವ ಸಂಭವವಿದೆ.

ಸಾಲಕ್ಕೆ ಸಹಿ ಹಾಕುವ ಮೊದಲೇ ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯ ಫ್ಲಾಟ್ ಬಡ್ಡಿ. "ನಮ್ಮದೂ ಶೇ 12ರ ಬಡ್ಡಿಯೇ" ಎಂದು ಹೇಳುವ ಕೆಲವರು ಮೂರು ವರ್ಷವೂ ಪೂರ್ತಿ 5 ಲಕ್ಷದ ಮೇಲೆಯೇ ಬಡ್ಡಿ ಹಾಕುತ್ತಾರೆ, ನೀವು ಎಷ್ಟು ತೀರಿಸಿದ್ದೀರಿ ಎಂಬುದನ್ನು ಗಣಿಸುವುದೇ ಇಲ್ಲ. ಆಗ ಬಡ್ಡಿ 1,80,000, ಕಂತು 18,889. ನಾವು ನೋಡಿದ ಇಳಿಯುವ ಬಾಕಿಯ ಲೆಕ್ಕದಲ್ಲಿ ಇಡೀ ಅವಧಿಯ ಬಡ್ಡಿ 98,000 ರೂಪಾಯಿಯನ್ನೂ ಮುಟ್ಟುವುದಿಲ್ಲ. ಆ ಫ್ಲಾಟ್ ಶೇ 12 ನಿಜಕ್ಕೂ ಶೇ 21ಕ್ಕೂ ಮೇಲಿನ ಬಡ್ಡಿ. ಕಂಡುಹಿಡಿಯುವುದು ಸುಲಭ: ಪಟ್ಟಿಯಲ್ಲಿ ಬಡ್ಡಿಯ ಕಾಲಂ ಪ್ರತಿ ತಿಂಗಳೂ ಒಂದೇ ಅಂಕಿ ತೋರಿಸುತ್ತಿದ್ದರೆ ಅದು ಫ್ಲಾಟ್ ಸಾಲ. ಪಟ್ಟಿಯನ್ನೇ ಕೊಡದಿದ್ದರೆ ಕೇಳಿ. ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಆದೇಶಿಸಿದ್ದು, ಆ ವರ್ಷದ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಅದು ಕಡ್ಡಾಯ. ಶುಲ್ಕಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರವೂ ಕಂತು ಕಂತಿನ ಪಟ್ಟಿಯೂ ಅದರಲ್ಲಿರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ.

ಬಡ್ಡಿ ದರ ಏರಿಳಿಯುವ ಸಾಲವಾಗಿದ್ದರೆ ಈ ಪಟ್ಟಿ ಕೊನೆಯವರೆಗೂ ಹಾಗೆಯೇ ಉಳಿಯುವುದಿಲ್ಲ. ದರ ಏರಿದಾಗ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಹಿಗ್ಗಿಸಿದರೆ ಖಾತೆಯಿಂದ ಕಡಿತವಾಗುವ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಸುದ್ದಿಯೇ ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಸಾಲದ ಖಾತೆಯ ವಿವರ ತೆಗೆಸಿ, ಉಳಿದ ಅಸಲನ್ನು ಪಟ್ಟಿಯ ಕೊನೆಯ ಕಾಲಂ ಜೊತೆ ಹೋಲಿಸಿ ನೋಡಿ. ನೂರಿನ್ನೂರು ರೂಪಾಯಿಯ ವ್ಯತ್ಯಾಸ ದಿನಲೆಕ್ಕದಿಂದ ಬಂದದ್ದಿರಬಹುದು. ಸಾವಿರಗಳಲ್ಲಿ ಇದ್ದರೆ ದರ ಬದಲಾಗಿದೆ, ಕಂತೊಂದು ತಡವಾಗಿದೆ ಅಥವಾ ಯಾವುದೋ ಶುಲ್ಕ ಸೇರಿಕೊಂಡಿದೆ. ಮೂರರಲ್ಲಿ ಯಾವುದೆಂದು ಶಾಖೆಯವರು ಬರೆದುಕೊಡಲಿ.