ಲೋಡ್ ಬದಲಾದರೂ ಬದಲಾಗದ ಕರೆಂಟ್

ದೇಹದ ವಿದ್ಯುತ್ ತಡೆಯನ್ನು ಅಳೆಯುವ ಉಪಕರಣಗಳು ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ಗಳ ಮೂಲಕ ಬಹಳ ಸಣ್ಣ ಎಸಿ ಕರೆಂಟ್ ಹರಿಸುತ್ತವೆ. ಎಲೆಕ್ಟ್ರೋಡ್‌ನ ಜೆಲ್ ಒಣಗಿದರೆ ದಾರಿಯ ತಡೆ ಹೆಚ್ಚುತ್ತದೆ, ಬೆವರಿದರೆ ತಗ್ಗುತ್ತದೆ. ಏನೇ ಆದರೂ ಹರಿಯುವ ಕರೆಂಟ್ ಮಾತ್ರ ನಾವು ಗೊತ್ತುಮಾಡಿದಷ್ಟೇ ಇರಬೇಕು. ಈ ಕೆಲಸಕ್ಕೆ ಒಂದು ಆಪ್-ಆಂಪ್ ಮತ್ತು ನಾಲ್ಕು ರೆಸಿಸ್ಟರ್ ಸಾಕೆಂದು 1962ರ ಸುಮಾರಿಗೆ ತೋರಿಸಿಕೊಟ್ಟವರು ಅಮೆರಿಕದ ಎಂಐಟಿಯ ಬ್ರಾಡ್‌ಫರ್ಡ್ ಹೌಲ್ಯಾಂಡ್. ಅವರು ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಸರ್ಕ್ಯೂಟ್ ಇಂದಿಗೂ ಹೌಲ್ಯಾಂಡ್ ಕರೆಂಟ್ ಪಂಪ್ ಎಂಬ ಹೆಸರಿನಲ್ಲೇ ಬಳಕೆಯಲ್ಲಿದೆ.

ಜೋಡಣೆ ಹೀಗಿದೆ. ನಾವು ಕೊಡುವ ವೋಲ್ಟೇಜ್ R1 ಮೂಲಕ ಆಪ್-ಆಂಪ್‌ನ ಪ್ಲಸ್ ಇನ್‌ಪುಟ್‌ಗೆ ಬರುತ್ತದೆ. ಔಟ್‌ಪುಟ್‌ನಿಂದ R2 ಅದೇ ಪ್ಲಸ್ ಬಿಂದುವಿಗೆ, R4 ಮೈನಸ್ ಇನ್‌ಪುಟ್‌ಗೆ ಹೋಗುತ್ತವೆ. ಮೈನಸ್‌ನಿಂದ ಗ್ರೌಂಡ್‌ಗೆ R3. ಲೋಡ್ ಕೂರುವುದು ಪ್ಲಸ್ ಬಿಂದು ಮತ್ತು ಗ್ರೌಂಡ್ ನಡುವೆ. ಲೋಡ್‌ನ ಒಂದು ತುದಿಯನ್ನು ನೇರವಾಗಿ ಗ್ರೌಂಡ್ ಮಾಡಬಹುದು ಎಂಬುದೇ ಇದರ ದೊಡ್ಡ ಅನುಕೂಲ.

ನಾಲ್ಕೂ ರೆಸಿಸ್ಟರ್ 10 ಕಿಲೋಓಮ್, ಇನ್‌ಪುಟ್ 1 ವೋಲ್ಟ್ ಎಂದಿಟ್ಟುಕೊಳ್ಳೋಣ. ಲೋಡ್ ಜಾಗದಲ್ಲಿ ಬರೀ ತಂತಿ ಇದ್ದರೆ R1 ಮೂಲಕ 0.1 ಮಿಲಿಆಂಪ್ ಹರಿಯುತ್ತದೆ, R2ಗೆ ಕೆಲಸವಿಲ್ಲ. ಈಗ 10 ಕಿಲೋಓಮ್ ಲೋಡ್ ಹಾಕಿ. ಅದೇ ಕರೆಂಟ್ ಹರಿಯಬೇಕಾದರೆ ಲೋಡ್ ಮೇಲೆ 1 ವೋಲ್ಟ್ ನಿಲ್ಲಬೇಕು. ಆಗ R1ನ ಎರಡೂ ತುದಿಯಲ್ಲಿ 1 ವೋಲ್ಟ್ ಇರುವುದರಿಂದ ಅದರಲ್ಲಿ ಏನೂ ಹರಿಯದು. ಆದರೆ R3, R4 ಸೇರಿ ಆಪ್-ಆಂಪ್‌ನ ಔಟ್‌ಪುಟ್ಟನ್ನು ಲೋಡ್ ವೋಲ್ಟೇಜಿನ ಎರಡರಷ್ಟಕ್ಕೆ, ಅಂದರೆ 2 ವೋಲ್ಟ್‌ಗೆ ಏರಿಸಿರುತ್ತವೆ. R2 ಮೇಲೆ 1 ವೋಲ್ಟ್ ಬೀಳುತ್ತದೆ, 0.1 ಮಿಲಿಆಂಪ್ ಆ ದಾರಿಯಿಂದ ಬರುತ್ತದೆ. ಲೋಡ್ 5 ಕಿಲೋಓಮ್ ಆದರೆ ಎರಡೂ ದಾರಿಗಳು ಅರ್ಧರ್ಧ ಕೊಡುತ್ತವೆ. R1 ಕಳೆದುಕೊಂಡಷ್ಟನ್ನೂ R2 ತುಂಬಿಕೊಡುವುದೇ ಇಲ್ಲಿನ ಚಂದ.

ಈ ಲೆಕ್ಕ ಚುಕ್ತಾ ಆಗಬೇಕಾದರೆ ಒಂದು ಷರತ್ತು ಪಾಲನೆಯಾಗಬೇಕು:

R4/R3 = R2/R1

ಶೇ. 1 ಟಾಲರೆನ್ಸ್‌ನ ನಾಲ್ಕು ರೆಸಿಸ್ಟರ್‌ಗಳ ತಪ್ಪು ಒಂದೇ ಕಡೆಗೆ ವಾಲಿದರೆ ಈ ಎರಡು ಅನುಪಾತಗಳ ನಡುವೆ ಶೇ. 4ರಷ್ಟು ವ್ಯತ್ಯಾಸ ಬರಬಹುದು. ಆದರ್ಶ ಕರೆಂಟ್ ಮೂಲದ ಒಳತಡೆ ಅನಂತ. ಇಲ್ಲಿ ಅದು R1ನ 25 ಪಟ್ಟು, ಅಂದರೆ 250 ಕಿಲೋಓಮ್‌ಗೆ ಇಳಿಯುತ್ತದೆ. 10 ಕಿಲೋಓಮ್ ಲೋಡ್‌ನಲ್ಲಿ ಕರೆಂಟ್ ಸುಮಾರು ಶೇ. 4ರಷ್ಟು ಕಡಿಮೆಯಾಗುತ್ತದೆ, 50 ಕಿಲೋಓಮ್‌ನಲ್ಲಿ ಶೇ. 17ರಷ್ಟು. ತಪ್ಪು ಎದುರು ದಿಕ್ಕಿಗೆ ವಾಲಿದ್ದರೆ ಒಳತಡೆ ಋಣವಾಗಿ, ಲೋಡ್ ಹೆಚ್ಚಿದಂತೆಲ್ಲ ಕರೆಂಟ್ ಕೂಡ ಹೆಚ್ಚುತ್ತದೆ.

ಔಟ್‌ಪುಟ್ ಶಾರ್ಟ್ ಮಾಡಿ ಮೀಟರ್ ನೋಡಿದರೆ ಈ ದೋಷ ಕಾಣುವುದೇ ಇಲ್ಲ. ಶಾರ್ಟ್‌ನಲ್ಲಿ ಕರೆಂಟನ್ನು ನಿರ್ಧರಿಸುವುದು R1 ಒಂದೇ. ಆದ್ದರಿಂದ ಎರಡು ಬಾರಿ ಅಳೆಯಬೇಕು, ಒಮ್ಮೆ ಶಾರ್ಟ್‌ನಲ್ಲಿ, ಇನ್ನೊಮ್ಮೆ ಮೀಟರ್ ಜೊತೆ ಸರಣಿಯಲ್ಲಿ 10 ಕಿಲೋಓಮ್ ಇಟ್ಟು. R3 ಬದಲು 9.53 ಕಿಲೋಓಮ್ ರೆಸಿಸ್ಟರ್ ಮತ್ತು 1 ಕಿಲೋಓಮ್ ಟ್ರಿಮ್‌ಪಾಟ್ ಅನ್ನು ಸರಣಿಯಲ್ಲಿ ಹಾಕಿಕೊಂಡರೆ ತಿದ್ದಬಹುದು. ಲೋಡ್ ಹಾಕಿದಾಗ ಕರೆಂಟ್ ಇಳಿದರೆ R3 ತಗ್ಗಿಸಿ, ಏರಿದರೆ ಹೆಚ್ಚಿಸಿ. ಎರಡೂ ಅಳತೆ ಒಂದೇ ಆದಾಗ ಅನುಪಾತ ಕೂಡಿಬಂದಿದೆ ಎಂದರ್ಥ.

ರೆಸಿಸ್ಟರ್‌ಗಳೆಲ್ಲ ಸರಿಯಿದ್ದೂ ಕರೆಂಟ್ ತಪ್ಪುವುದುಂಟು. ಇನ್‌ಪುಟ್ ವೋಲ್ಟೇಜನ್ನು 10 ಕಿಲೋಓಮ್ ಪೊಟೆನ್ಶಿಯೋಮೀಟರ್‌ನಿಂದ ನೇರವಾಗಿ ಕೊಟ್ಟರೆ, ಮಧ್ಯದಲ್ಲಿ ಅದರ 2.5 ಕಿಲೋಓಮ್ ಒಳತಡೆ R1ಗೆ ಸೇರಿಕೊಳ್ಳುತ್ತದೆ. R1 ಈಗ 12.5 ಕಿಲೋಓಮ್, ಸರ್ಕ್ಯೂಟಿನ ಒಳತಡೆ ಋಣ 50 ಕಿಲೋಓಮ್. 10 ಕಿಲೋಓಮ್ ಲೋಡ್‌ನಲ್ಲಿ ಕರೆಂಟ್ ಶಾರ್ಟ್‌ನಲ್ಲಿದ್ದುದಕ್ಕಿಂತ ಶೇ. 25 ಹೆಚ್ಚು. ಲೋಡ್ 50 ಕಿಲೋಓಮ್ ದಾಟಿದರೆ ಪ್ಲಸ್ ಕಡೆಯ ಫೀಡ್‌ಬ್ಯಾಕ್ ಮೇಲುಗೈ ಸಾಧಿಸಿ ಔಟ್‌ಪುಟ್ ಸಪ್ಲೈ ಅಂಚಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಪಾಟ್ ಮತ್ತು R1 ನಡುವೆ ಇನ್ನೊಂದು ಆಪ್-ಆಂಪ್ ಅನ್ನು ಬಫರ್ ಆಗಿ ಕೂರಿಸುವುದೇ ಪರಿಹಾರ.

ಇನ್ನು ಲೋಡ್ ಹಾಕುವ ಮಿತಿ. ಪ್ಲಸ್-ಮೈನಸ್ 12 ವೋಲ್ಟ್ ಸಪ್ಲೈಯಲ್ಲಿ ಆಪ್-ಆಂಪ್ 10 ವೋಲ್ಟ್‌ವರೆಗೆ ಏರಬಲ್ಲದು ಎನ್ನೋಣ. ಔಟ್‌ಪುಟ್ ಯಾವಾಗಲೂ ಲೋಡ್ ವೋಲ್ಟೇಜಿನ ಎರಡರಷ್ಟಿರಬೇಕಾದ್ದರಿಂದ ಲೋಡ್‌ಗೆ ಸಿಗುವುದು 5 ವೋಲ್ಟ್ ಮಾತ್ರ. 0.1 ಮಿಲಿಆಂಪ್‌ಗೆ ಇದು 50 ಕಿಲೋಓಮ್. ಅದನ್ನು ದಾಟಿದರೆ ರೆಸಿಸ್ಟರ್‌ಗಳು ಎಷ್ಟೇ ನಿಖರವಾಗಿದ್ದರೂ ಕರೆಂಟ್ ಕುಸಿಯುತ್ತದೆ, ಸೈನ್ ತರಂಗದ ತಲೆ ಚಪ್ಪಟೆಯಾಗುತ್ತದೆ. ಇದನ್ನು ಆಸಿಲೋಸ್ಕೋಪ್‌ನಲ್ಲಿ ನೋಡಬೇಕಾದ್ದು ಆಪ್-ಆಂಪ್‌ನ ಔಟ್‌ಪುಟ್ ಪಿನ್‌ನಲ್ಲಿ.

ಹೆಚ್ಚು ವೋಲ್ಟೇಜ್ ಬೇಕಾದವರು R2 ಅನ್ನು ಎರಡು ಭಾಗ ಮಾಡುತ್ತಾರೆ. ಔಟ್‌ಪುಟ್ ಮತ್ತು ಲೋಡ್ ನಡುವೆ 100 ಓಮ್, ಲೋಡ್‌ನಿಂದ ಪ್ಲಸ್ ಇನ್‌ಪುಟ್‌ಗೆ 9.9 ಕಿಲೋಓಮ್. ಎರಡೂ ಸೇರಿ 10 ಕಿಲೋಓಮ್ ಆಗುವುದರಿಂದ ಷರತ್ತು ಮುರಿಯುವುದಿಲ್ಲ. 1 ವೋಲ್ಟ್ ಕೊಟ್ಟರೆ 10 ಮಿಲಿಆಂಪ್ ಬರುತ್ತದೆ. ಔಟ್‌ಪುಟ್ ಈಗ ಲೋಡ್‌ಗಿಂತ ಸುಮಾರು 1 ವೋಲ್ಟ್ ಮೇಲಿದ್ದರೆ ಸಾಕು, ಹಾಗಾಗಿ ಲೋಡ್‌ಗೆ 9 ವೋಲ್ಟ್ ಹತ್ತಿರ ಸಿಗುತ್ತದೆ. 10 ಮಿಲಿಆಂಪ್‌ಗೆ ಅದು 900 ಓಮ್‌ವರೆಗಿನ ಲೋಡ್.