ಓಮ್ ಹೇಳುವುದೇನು, ಚೀಟಿ ಹೇಳುವುದೇನು?

ಮೈಯ ಕೊಬ್ಬು ಅಳೆಯುವ ಯಂತ್ರದಿಂದ ಹೊರಬರುವ ಚೀಟಿಯಲ್ಲಿ ಹತ್ತಾರು ಅಂಕಿಗಳಿರುತ್ತವೆ: ನೀರು ಇಷ್ಟು, ಕೊಬ್ಬು ಇಷ್ಟು, ಸ್ನಾಯು ಇಷ್ಟು. ತೂಕವನ್ನು ಬಿಟ್ಟರೆ ಯಂತ್ರ ನಿಜವಾಗಿ ಅಳೆದಿರುವುದು ದೇಹದ ವಿದ್ಯುತ್ ತಡೆಯನ್ನು ಮಾತ್ರ. ಒಂದು ಮಿಲಿಆಂಪಿಯರ್‌ಗೂ ಕಡಿಮೆ ಕರೆಂಟನ್ನು ಮೈಯೊಳಗೆ ಹರಿಸಿ, ಅದಕ್ಕೆ ಎಷ್ಟು ಓಮ್ ಅಡ್ಡಿಯಾಯಿತು ಎಂದು ಅದು ನೋಡುತ್ತದೆ. ಉಪ್ಪಿನಂಶವಿರುವ ದೇಹದ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದು ಕಷ್ಟ. ಹಾಗಾಗಿ ನೀರು ಹೆಚ್ಚಿದಷ್ಟೂ ತಡೆ ಕಡಿಮೆ. ಓಮ್‌ನಿಂದ ನೀರಿಗೆ, ನೀರಿನಿಂದ ಸ್ನಾಯು ಮತ್ತು ಕೊಬ್ಬಿಗೆ ಹೋಗುವ ದಾರಿಯೆಲ್ಲ ಬರೀ ಲೆಕ್ಕ.

ಆ ಲೆಕ್ಕವನ್ನು ನಂಬುವ ಮೊದಲು ಯಂತ್ರವಿಲ್ಲದೆಯೇ ಒಂದು ಅಂದಾಜು ಮಾಡಿಟ್ಟುಕೊಳ್ಳಬಹುದು. 1980ರಲ್ಲಿ ವಾಟ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಡಯಾಲಿಸಿಸ್ ಸಾಕಷ್ಟು ಆಯಿತೇ ಎಂದು ಲೆಕ್ಕ ಹಾಕುವಾಗ ಕಿಡ್ನಿ ತಜ್ಞರು ನೆಚ್ಚುವುದೂ ಇದನ್ನೇ. ಎತ್ತರ ಸೆಂಟಿಮೀಟರ್‌ನಲ್ಲಿ, ತೂಕ ಕೆ.ಜಿ.ಯಲ್ಲಿ ಹಾಕಿದರೆ ಉತ್ತರ ಲೀಟರ್‌ನಲ್ಲಿ ಬರುತ್ತದೆ.

ಪುರುಷರಿಗೆ: 2.447 − (0.09516 × ವಯಸ್ಸು) + (0.1074 × ಎತ್ತರ) + (0.3362 × ತೂಕ)

ಮಹಿಳೆಯರಿಗೆ: −2.097 + (0.1069 × ಎತ್ತರ) + (0.2466 × ತೂಕ)

ಮಹಿಳೆಯರ ಸೂತ್ರದಲ್ಲಿ ವಯಸ್ಸೇ ಇಲ್ಲ. ಎತ್ತರ ಮತ್ತು ತೂಕ ತಿಳಿದ ಮೇಲೆ ವಯಸ್ಸನ್ನು ಸೇರಿಸಿದರೂ ಅವರ ಅಂದಾಜು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ.

ಐವತ್ತು ವರ್ಷದ, 170 ಸೆಂ.ಮೀ. ಎತ್ತರದ, 70 ಕೆ.ಜಿ. ತೂಕದ ಒಬ್ಬ ಗಂಡಸನ್ನು ತೆಗೆದುಕೊಳ್ಳೋಣ. ವಾಟ್ಸನ್ ಲೆಕ್ಕದಲ್ಲಿ ಆತನ ಮೈಯಲ್ಲಿ ಸುಮಾರು 39.5 ಲೀಟರ್ ನೀರಿದೆ. ಕೊಬ್ಬನ್ನು ಬಿಟ್ಟು ಉಳಿದ ದೇಹದಲ್ಲಿ ಶೇ. 73ರಷ್ಟು ನೀರು ಎಂದು ಹಿಡಿಯುವುದು ವಾಡಿಕೆ. ಆ ಪ್ರಕಾರ ಕೊಬ್ಬಿಲ್ಲದ ತೂಕ 54 ಕೆ.ಜಿ., ಕೊಬ್ಬು 16 ಕೆ.ಜಿ.

ಈಗ ಆತನನ್ನು ಮಲಗಿಸಿ ಕೈಯ ಮಣಿಕಟ್ಟಿನಿಂದ ಕಾಲಿನ ಹರಡಿನವರೆಗೆ ತಡೆಯನ್ನು ಅಳೆದಾಗ 500 ಓಮ್ ಬಂತೆನ್ನೋಣ. ಯಂತ್ರ ಎತ್ತರದ ವರ್ಗವನ್ನು ಓಮ್‌ನಿಂದ ಭಾಗಿಸಿ, ತೂಕದ ಒಂದು ಪಾಲನ್ನು ಕೂಡಿಸುತ್ತದೆ. 2003ರಲ್ಲಿ ಸನ್ ಮತ್ತು ಸಂಗಡಿಗರು ಕೊಟ್ಟ ಪುರುಷರ ಸೂತ್ರ ಹೀಗಿದೆ: 1.203 + 0.449 × (ಎತ್ತರ² ÷ ಓಮ್) + 0.176 × ತೂಕ. ಉತ್ತರ 39.5 ಲೀಟರ್. ಎರಡೂ ದಾರಿಗಳು ಒಂದೇ ಕಡೆ ಬಂದು ಸೇರಿದವು.

ಯಂತ್ರಕ್ಕೆ ಎತ್ತರವನ್ನು ತಪ್ಪಾಗಿ 175 ಎಂದು ಕೊಟ್ಟರೆ? ಎತ್ತರ ಇಲ್ಲಿ ವರ್ಗವಾಗಿ ಬರುವುದರಿಂದ ಪೆಟ್ಟು ಜೋರು. ನೀರು 41 ಲೀಟರ್ ಆಗುತ್ತದೆ, ಕೊಬ್ಬು ಎರಡು ಕೆ.ಜಿ. ಇಳಿದಂತೆ ಕಾಣುತ್ತದೆ. ಮೈಯಲ್ಲಿ ಏನೂ ಬದಲಾಗಿಲ್ಲ.

ಇನ್ನೊಂದು ಸನ್ನಿವೇಶ ಇದಕ್ಕಿಂತ ಗಂಭೀರವಾದದ್ದು. ಒಂದು ವಾರದಲ್ಲಿ ಅದೇ ವ್ಯಕ್ತಿಯ ಕಾಲು ಊದಿಕೊಂಡಿದೆ, ತೂಕ 73 ಕೆ.ಜಿ. ಆಗಿದೆ, ತಡೆ 440 ಓಮ್‌ಗೆ ಇಳಿದಿದೆ. ಈಗ ಯಂತ್ರದ ಪ್ರಕಾರ ನೀರು 43.5 ಲೀಟರ್, ಕೊಬ್ಬು 13.4 ಕೆ.ಜಿ. ಅಂದರೆ ವಾರದಲ್ಲಿ ಕೊಬ್ಬು ಎರಡೂವರೆ ಕೆ.ಜಿ. ಕರಗಿ, ಸ್ನಾಯು ಐದೂವರೆ ಕೆ.ಜಿ. ಬೆಳೆದಿದೆ ಎಂದು ಚೀಟಿ ಶುಭಸುದ್ದಿ ಕೊಡುತ್ತದೆ. ಯಾವ ವ್ಯಾಯಾಮದಿಂದಲೂ ಇದು ಸಾಧ್ಯವಿಲ್ಲ. ಗುಟ್ಟು ಒಂದು ಅಂಕಿಯಲ್ಲೇ ಬಯಲಾಗುತ್ತದೆ: ತೂಕ ಏರಿದ್ದು ಮೂರು ಕೆ.ಜಿ., ಯಂತ್ರದ ಲೆಕ್ಕದಲ್ಲಿ ನೀರು ಏರಿದ್ದು ನಾಲ್ಕು ಲೀಟರ್. ಸಪೂರವಾದ ಕೈಕಾಲುಗಳೇ ಒಟ್ಟು ತಡೆಯ ಬಹುಪಾಲನ್ನು ಒಡ್ಡುತ್ತವೆ. ದೇಹದ ತೂಕದ ಅರ್ಧದಷ್ಟಿರುವ ಮುಂಡದ ಪಾಲು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಅದಕ್ಕೇ ಕಾಲಿನ ಊತ ಲೆಕ್ಕದಲ್ಲಿ ಉಬ್ಬಿ ಕಾಣುತ್ತದೆ, ಹೊಟ್ಟೆಯೊಳಗೆ ತುಂಬಿದ ನೀರು ಬಹುಮಟ್ಟಿಗೆ ಕಣ್ತಪ್ಪಿಸಿಕೊಳ್ಳುತ್ತದೆ.

ಇದೇ ಹೊತ್ತಿಗೆ ವಾಟ್ಸನ್ ಸೂತ್ರ ಏನನ್ನುತ್ತದೆ? ಸೇರಿದ ಮೂರು ಕೆ.ಜಿ.ಯೂ ನೀರೇ ಆಗಿದ್ದರೂ ಅದು ಒಂದೇ ಲೀಟರ್ ಹೆಚ್ಚು ತೋರಿಸುತ್ತದೆ. ಏರಿದ ತೂಕವೆಲ್ಲ ಮಾಮೂಲಿ ಹದದಲ್ಲಿ ಕೊಬ್ಬು, ನೀರು, ಉಳಿದದ್ದು ಸೇರಿ ಬಂದದ್ದು ಎಂದೇ ಅದರ ನಂಬಿಕೆ. ಊತ ಅದಕ್ಕೆ ಕಾಣದು. ಆದರೆ ಅದು 40.5ರ ಹತ್ತಿರವೇ ನಿಂತಿರುವುದರಿಂದಲೇ ಯಂತ್ರದ 43.5 ಎಷ್ಟು ದೂರ ಸರಿದಿದೆ ಎಂಬುದು ನಮಗೆ ತಿಳಿಯುತ್ತದೆ.

ಹಾಗೆಂದು ವಾಟ್ಸನ್ ಅಂಕಿಯನ್ನು ತೀರ್ಪೆಂದು ತಿಳಿಯಬಾರದು. ಅದು 458 ಪುರುಷರು ಮತ್ತು 265 ಮಹಿಳೆಯರ ಅಳತೆಗಳಿಂದ ತೆಗೆದ ಸರಾಸರಿ. ಆರೋಗ್ಯವಂತರಲ್ಲೂ ಮೂರು ನಾಲ್ಕು ಲೀಟರ್ ಆಚೀಚೆ ಆಗಬಹುದು. ಅದೇ ಎತ್ತರ, ಅದೇ ತೂಕದ ಐರೋಪ್ಯರಿಗಿಂತ ಭಾರತೀಯರಲ್ಲಿ ಸಾಮಾನ್ಯವಾಗಿ ಕೊಬ್ಬು ಹೆಚ್ಚು. ಆದ್ದರಿಂದ ನಮ್ಮವರಲ್ಲಿ ನಿಜವಾದ ನೀರು ಈ ಅಂದಾಜಿಗಿಂತ ಕಡಿಮೆ ಇರುವ ಸಂಭವವೂ ಇದೆ. ಒಂದೇ ಸಲದ ಅಳತೆಯಲ್ಲಿ ಎರಡು ಲೀಟರ್ ಅಂತರ ಕಂಡರೆ ಅದು ಆ ವ್ಯಕ್ತಿಯ ಮೈಕಟ್ಟೇ ಆಗಿರಬಹುದು. ಅದಕ್ಕಿಂತ ಅರ್ಥವಿರುವುದು ಅದೇ ವ್ಯಕ್ತಿಯಲ್ಲಿ, ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ ವಾರದಿಂದ ವಾರಕ್ಕೆ ಆಗುವ ಬದಲಾವಣೆಗೆ.

ಮುಂದಿನ ಸಲ ಅಳತೆ ಮಾಡಿಸಿಕೊಂಡಾಗ ಕೊಬ್ಬಿನ ಶೇಕಡಾವಾರಿನ ಜೊತೆಗೆ ಓಮ್ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ, ಯಂತ್ರಕ್ಕೆ ಕೊಟ್ಟ ಎತ್ತರ ಸರಿಯಿದೆಯೇ ನೋಡಿ. ಕೆಲವೇ ದಿನಗಳಲ್ಲಿ ತೂಕವೂ ಏರಿ ಓಮ್ ಕೂಡ ಇಳಿದಿದ್ದರೆ, ಚೀಟಿ ಎಷ್ಟೇ ಸ್ನಾಯು ತೋರಿಸಲಿ, ಹರಡಿನ ಬಳಿ ಬೆರಳೊತ್ತಿ ನೋಡಿ. ಗುಳಿ ಬಿದ್ದು ಹಾಗೇ ನಿಂತರೆ ವೈದ್ಯರನ್ನು ಕಾಣಿ.